ಮೊದಲ ದಿನ ಲಂಬಾಣಿ, ಮರುದಿನ ಕನ್ನಡ: ತಾಂಡಾ ಶಾಲೆಯಲ್ಲಿ ನನ್ನ ಕ್ರಿಯಾ ಸಂಶೋಧನೆ

‘ಲಂಬಾಣಿ ಬರುತ್ತದೇನಮ್ಮಾ ನಿನಗೆ?’ ಶಿಕ್ಷಕರ ತರಬೇತಿಯಾದ ಡಿ.ಎಲ್.ಇಡಿ. ಓದುವಾಗ ನಾನು ಕ್ರಿಯಾ ಸಂಶೋಧನೆಯ, ಅಂದರೆ ತರಗತಿಯ ಒಂದು ತೊಡಕಿಗೆ ಉಪಾಯ ಮಾಡಿ ಅಳೆದು ನೋಡುವ ಕೆಲಸದ, ವಿಷಯ ಹೇಳಿದ ಕೂಡಲೇ ಮಾರ್ಗದರ್ಶಕರು ಕೇಳಿದ ಪ್ರಶ್ನೆ ಇದು. ಬರುತ್ತಿರಲಿಲ್ಲ. ಹಾಗಾದರೆ ಕೈಬರಹ ಸುಧಾರಣೆಯನ್ನೋ ಗೈರುಹಾಜರಿಯನ್ನೋ ತೆಗೆದುಕೋ, ಬೇಗ ಮುಗಿಯುತ್ತದೆ ಎಂದರು. ಜೊತೆಯವರೂ ಅದನ್ನೇ ಹೇಳಿದರು. ನಾನು ಹಟ ಹಿಡಿದೆ. ಎರಡು ವರ್ಷ ಹಿಡಿಯಿತು, ಆದರೆ ಕೆಲಸ ಆಯಿತು. ವಿಷಯ ಹುಡುಕುತ್ತಿರುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ಮೊದಲ ವರ್ಷ ನನ್ನ ಶೀರ್ಷಿಕೆ ‘ಬಹುಭಾಷಾ ತರಗತಿಗಳಲ್ಲಿ ಮಾತೃಭಾಷಾ ಬೋಧನೆಯ ಪರಿಣಾಮ’ ಎಂದಿತ್ತು. ಯಾವ ತರಗತಿ, ಯಾವ ಭಾಷೆ, ಯಾವುದರ ಮೇಲೆ ಪರಿಣಾಮ ಎಂಬ ಒಂದಕ್ಕೂ ಅದರಲ್ಲಿ ಉತ್ತರವಿರಲಿಲ್ಲ. ಸುತ್ತಲಿನ ಶಾಲೆಗಳ ಶಿಕ್ಷಕರಿಗೆ ಪ್ರಶ್ನಾವಳಿ ಹಂಚಿದೆ. ಮಗುವಿನ ಭಾಷೆಗೆ ತರಗತಿಯಲ್ಲಿ ಜಾಗವಿರಬೇಕೇ ಎಂದು ಕೇಳಿದರೆ ಯಾರು ತಾನೇ ಬೇಡ ಎನ್ನುತ್ತಾರೆ? ನಲವತ್ತು ಹಾಳೆ ತಿರುಗಿ ಬಂದವು, ಎಲ್ಲದರಲ್ಲೂ ‘ಒಪ್ಪುತ್ತೇನೆ’. ಟೈಪಿಂಗ್, ಜೆರಾಕ್ಸ್, ಬಸ್ಸು ಸೇರಿ ಸುಮಾರು 1,800 ರೂಪಾಯಿ ನೀರಿಗೆ ಹೋಯಿತು.

ಆಮೇಲೆ ವಿಜಯಪುರ ಜಿಲ್ಲೆಯ ಒಂದು ತಾಂಡಾದ ಶಾಲೆಗೆ ಹೋದೆ. ಎರಡನೆಯ ತರಗತಿಯಲ್ಲಿ 19 ಮಕ್ಕಳು. ದಾಖಲಾತಿಯಲ್ಲಿ ಬಹುತೇಕ ಎಲ್ಲರ ಮಾತೃಭಾಷೆಯೂ ಕನ್ನಡ. ಆದರೆ ಅಜ್ಜಿ ನಿನ್ನೊಡನೆ ಏನು ಮಾತಾಡುತ್ತಾಳೆ, ಜಗಳವಾಡುವಾಗ ನೀನು ಏನು ಮಾತಾಡುತ್ತೀಯ, ಅಂಗಡಿಯಲ್ಲಿ ಏನು ಮಾತಾಡುತ್ತೀಯ ಎಂದು ಮೂರು ಪ್ರಶ್ನೆ ಕೇಳಿದಾಗ 16 ಮಕ್ಕಳು ಲಂಬಾಣಿಯವರೆಂದು ತಿಳಿಯಿತು. ದಾಖಲೆಯನ್ನು ನಂಬಿ ಕುಳಿತಿದ್ದರೆ ನನ್ನ ಸಂಶೋಧನೆಗೆ ಮಕ್ಕಳೇ ಇರುತ್ತಿರಲಿಲ್ಲ. ದೊಡ್ಡ ಲೆಕ್ಕಗಳಲ್ಲೂ ಈ ಭಾಷೆಗೆ ಇದೇ ಗತಿ: 2011ರ ಜನಗಣತಿ ಲಂಬಾಣಿಯನ್ನು ಹಿಂದಿಯ ಅಡಿಯಲ್ಲಿ ಸೇರಿಸಿದೆ.

ಆ ವರ್ಷ ಇನ್ನೊಂದು ಪೆಟ್ಟು ಬಿತ್ತು. ಪೂರ್ವ ಪರೀಕ್ಷೆ ಮುಗಿಸಿ ದೀಪಾವಳಿ ರಜೆ ಕಳೆದು ಬಂದರೆ ಆರು ಮಕ್ಕಳು ತಂದೆತಾಯಿಯ ಜೊತೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದರು. ಉಳಿದವರ ಅಂಕ ಮಾತ್ರ ತೋರಿಸಿದರೆ ಅದು ಮೋಸ. ಆ ವರದಿಯನ್ನು ಸಲ್ಲಿಸಲಿಲ್ಲ. ತಾಂಡಾದಲ್ಲಿ ಕೆಲಸ ಮಾಡುವವರು ಜುಲೈನಲ್ಲಿ ಶುರುಮಾಡಿ ದಸರೆಯೊಳಗೆ ಮುಗಿಸಬೇಕು.

ಮರುವರ್ಷ ಪ್ರಶ್ನೆಯನ್ನು ಕಿರಿದು ಮಾಡಿದೆ: ಒಂದು ಕಥೆಯನ್ನು ಮೊದಲು ಲಂಬಾಣಿಯಲ್ಲಿ ಕೇಳಿದರೆ ಎರಡನೆಯ ತರಗತಿಯ ಮಗು ಕನ್ನಡದಲ್ಲಿ ಅದನ್ನು ಹೆಚ್ಚು ಪೂರ್ಣವಾಗಿ ಹೇಳಬಲ್ಲದೇ? ಬರವಣಿಗೆಯ ಪರೀಕ್ಷೆ ಬಿಟ್ಟೆ. ಆರು ಚಿತ್ರಗಳ ಹಾಳೆ ಬರೆದೆ. ತಾಯಿ ರೊಟ್ಟಿ ಮಾಡುತ್ತಾಳೆ, ನಾಯಿ ಒಳಗೆ ನುಗ್ಗುತ್ತದೆ, ಹೀಗೆ ಸಾಗಿ ಹತ್ತು ಘಟನೆಗಳು. ಮಗು ಚಿತ್ರ ನೋಡಿ ಒಂದು ದಿನ ಕನ್ನಡದಲ್ಲಿ, ಮೂರು ದಿನ ಬಿಟ್ಟು ಲಂಬಾಣಿಯಲ್ಲಿ ಹೇಳಬೇಕು. ಮನೆಯವರ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿದೆ. ತಾಂಡಾದವರೇ ಆದ ಅಂಗನವಾಡಿ ಸಹಾಯಕಿಯೊಬ್ಬರು ನನ್ನ ಜೊತೆ ಕುಳಿತು ಲಂಬಾಣಿಯ ಮುದ್ರಣಗಳ ಅರ್ಥ ಹೇಳಿದರು. ಅವರು ಬೇಡವೆಂದರೂ 500 ರೂಪಾಯಿ ಕೊಟ್ಟೆ.

ಆ ಹತ್ತರಲ್ಲಿ ಮಕ್ಕಳು ಕನ್ನಡದಲ್ಲಿ ಸರಾಸರಿ ಮೂರು ಘಟನೆ ಹೇಳಿದರು, ಲಂಬಾಣಿಯಲ್ಲಿ ಎಂಟರ ಹತ್ತಿರ. ತರಗತಿಯಲ್ಲಿ ‘ದಡ್ಡಿ’ ಎನಿಸಿಕೊಂಡಿದ್ದ ಒಂದು ಹುಡುಗಿ ಕನ್ನಡದಲ್ಲಿ ‘ಯಾಡಿ ಬಾಟಿ ಮಾಡಿದಳು’ ಎಂದು ನಿಲ್ಲಿಸಿ ಸೆರಗಿನಂತೆ ಹಾಕಿಕೊಂಡಿದ್ದ ಟವಲಿನ ತುದಿ ಕಚ್ಚುತ್ತಾ ನಿಂತಳು. ಅದೇ ಹುಡುಗಿ ಲಂಬಾಣಿಯಲ್ಲಿ ಹತ್ತಕ್ಕೆ ಒಂಬತ್ತು ಹೇಳಿ, ಚಿತ್ರದಲ್ಲಿಲ್ಲದ ಬೈಗುಳವನ್ನೂ ಸೇರಿಸಿದಳು. ಕಥೆ ಅವಳ ತಲೆಯಲ್ಲಿ ಪೂರ್ತಿ ಇತ್ತು.

ಅವಳ ಆ ಒಂದು ವಾಕ್ಯಕ್ಕೆ ನಾನು ಮೊದಲು ಸೊನ್ನೆ ಹಾಕಿದ್ದೆ, ತಾಯಿ, ರೊಟ್ಟಿ ಎನ್ನಲಿಲ್ಲವೆಂದು. ನನ್ನ ಗೆಳತಿ ಅದೇ ಮುದ್ರಣ ಕೇಳಿ ಒಂದು ಅಂಕ ಕೊಟ್ಟಿದ್ದಳು. ಹೀಗೆ ನಮ್ಮಿಬ್ಬರ ಅಂಕಗಳು ಕಾಲುಭಾಗದಷ್ಟು ಕಡೆ ಹೊಂದಲಿಲ್ಲ. ಆಮೇಲೆ ಅಂಕವನ್ನು ಎರಡಾಗಿ ಒಡೆದೆ: ಘಟನೆ ಹೇಳಿದ್ದಕ್ಕೆ ಒಂದು, ಅದರೊಳಗಿನ ಕನ್ನಡ ಪದಗಳಿಗೆ ಇನ್ನೊಂದು. ‘ಯಾಡಿ ಬಾಟಿ ಮಾಡಿದಳು’ ಎಂಬುದರಲ್ಲಿ ಘಟನೆ ಪೂರ್ಣ, ಕ್ರಿಯಾಪದ ಕನ್ನಡದ್ದು, ಎರಡು ನಾಮಪದ ಮಾತ್ರ ಬಾಕಿ. ಇಬ್ಬರು ಬೇರೆ ಬೇರೆ ಕುಳಿತು ಅಂಕ ಹಾಕದೆ ಇದ್ದರೆ ಇದು ಕಣ್ಣಿಗೆ ಬೀಳುತ್ತಿರಲಿಲ್ಲ.

ಹೋಲಿಸಲು ಇನ್ನೊಂದು ತರಗತಿ ಇರಲಿಲ್ಲ. ಅದಕ್ಕಾಗಿ ಪ್ರಯೋಗಕ್ಕೆ ಮುಂಚೆ ಮೂರು ವಾರ, ವಾರಕ್ಕೊಂದು ಹೊಸ ಕಥೆಯಿಂದ ಅಳೆದೆ. ಅದೇ ಕಥೆ ಮತ್ತೆ ಕೊಟ್ಟರೆ ಬಾಯಿಪಾಠದಿಂದಲೇ ಅಂಕ ಏರುತ್ತದೆ. ಮೂರೂ ವಾರ ಅಂಕ ಇದ್ದಲ್ಲೇ ಇತ್ತು.

ಪ್ರಯೋಗದ ಮೊದಲ ವಾರ ಸೋತೆ. ಐದನೆಯ ತರಗತಿಯ ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ನಿಲ್ಲಿಸಿ, ನಾನು ಕನ್ನಡದಲ್ಲಿ ಒಂದು ವಾಕ್ಯ ಹೇಳುವುದು, ಅವಳು ಅದನ್ನು ಲಂಬಾಣಿಯಲ್ಲಿ ಹೇಳುವುದು. ಮಕ್ಕಳು ಖುಷಿಯಾಗಿದ್ದರು, ಆದರೆ ನಾನು ಬಾಯಿ ತೆರೆದಾಗ ಕಿಟಕಿ ನೋಡುತ್ತಿದ್ದರು, ಅವಳು ಶುರುಮಾಡಿದಾಗ ತಿರುಗುತ್ತಿದ್ದರು. ಹೇಗೂ ತಮ್ಮ ಮಾತು ಬರುತ್ತದೆಂದು ಗೊತ್ತಿದ್ದ ಮೇಲೆ ಕನ್ನಡವನ್ನು ಯಾಕೆ ಕೇಳಬೇಕು? ಶನಿವಾರ ಅಳೆದರೆ ಕನ್ನಡದ ಅಂಕ ಮೂರಕ್ಕಿಂತ ಕೆಳಗೆ ಇಳಿದಿತ್ತು. ‘ಹೇಳಿರಲಿಲ್ಲವೇ’ ಎಂದರು ಮಾರ್ಗದರ್ಶಕರು.

ಆಗ ಭಾಷೆಗಳನ್ನು ದಿನದ ಲೆಕ್ಕದಲ್ಲಿ ಬೇರ್ಪಡಿಸಿದೆ. ಸೋಮವಾರ ಇಡೀ ಕಥೆ ಲಂಬಾಣಿಯಲ್ಲಿ, ಚರ್ಚೆಯೂ ಲಂಬಾಣಿಯಲ್ಲಿ. ಮಕ್ಕಳು ಆರಿಸಿದ ಎಂಟು ಹತ್ತು ಪದಗಳನ್ನು ಕನ್ನಡ ಲಿಪಿಯಲ್ಲಿ ಚಾರ್ಟಿಗೆ ಬರೆದೆ. ಮಂಗಳವಾರ ಅದೇ ಕಥೆ ಪೂರ್ತಿ ಕನ್ನಡದಲ್ಲಿ, ಭಾಷಾಂತರವಿಲ್ಲ. ‘ಪಾಣಿ’ಯ ಎದುರಿಗೆ ‘ನೀರು’ ಬರೆಯುವುದು ಆ ದಿನವೇ. ಬುಧವಾರ ಮಕ್ಕಳು ಕನ್ನಡದಲ್ಲಿ ಹೇಳುವುದು. ಗುರುವಾರದಿಂದ ಮುಂದಿನ ಕಥೆ. ದಿನಕ್ಕೆ ಇಪ್ಪತ್ತು ನಿಮಿಷ, ಆರು ವಾರ. ಕಥೆಗಳ ಅನುಕ್ರಮವನ್ನು ಹೇಗೆ ಆರಿಸಿದೆನೆಂಬುದನ್ನು ಸದ್ಯ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಅದರ ಮೇಲೆ ಇನ್ನೊಂದು ಸಂಶೋಧನೆ ನಡೆದಿದೆ.

ನಡುವೆ ಪಾಲಕರು ಬಂದರು. ‘ಲಂಬಾಣಿ ಮನೆಯಲ್ಲೇ ಬರುತ್ತದಲ್ಲ ಅಕ್ಕಾ, ಕನ್ನಡ ಕಲಿಸಿರಿ’ ಎಂದರು. ಅವರ ಮಾತು ನ್ಯಾಯವಾದದ್ದು. ಎರಡು ಮುದ್ರಣಗಳನ್ನು, ಜುಲೈ ತಿಂಗಳದ್ದನ್ನೂ ಆ ವಾರದ್ದನ್ನೂ, ಅದೇ ಮಗುವಿನ ತಂದೆಗೆ ಕೇಳಿಸಿದೆ. ಅವರು ಇನ್ನೊಮ್ಮೆ ಹಾಕಿಸಿ ಕೇಳಿದರು. ಆಮೇಲೆ ಯಾರೂ ಆಕ್ಷೇಪಿಸಲಿಲ್ಲ.

ಈ ಮಧ್ಯೆ ಒಂದು ಸಣ್ಣ ಪಟ್ಟಿಯನ್ನೂ ಮಾಡಿದೆ. ಕೆಲವು ಮಕ್ಕಳು ‘ಗಾಡಿ ಬಂದಳು’ ಎನ್ನುತ್ತಿದ್ದರು. ಲಂಬಾಣಿಯಲ್ಲಿ ಗಂಡು, ಹೆಣ್ಣು ಎರಡೇ ಲಿಂಗ, ಕನ್ನಡದ ನಪುಂಸಕ ಇಲ್ಲ. ಅಂದರೆ ಮಗು ತನ್ನ ಭಾಷೆಯ ನಿಯಮವನ್ನು ಸರಿಯಾಗಿಯೇ ಬಳಸುತ್ತಿದೆ. ಇಂಥ ಸುಮಾರು ಮೂವತ್ತು ವಾಕ್ಯಗಳು ಸಿಕ್ಕವು. ಇದೊಂದನ್ನೇ ವಿಷಯವಾಗಿ ತೆಗೆದುಕೊಂಡು ಯಾರಾದರೂ ಮಾಡಬಹುದು, ಖರ್ಚು ನೂರು ರೂಪಾಯಿಯೂ ಆಗುವುದಿಲ್ಲ.

ಕೊನೆಗೆ ಕನ್ನಡದ ಸರಾಸರಿ ಮೂರರಿಂದ ಆರೂವರೆಗೆ ಬಂತು. ಮೂರು ಮಕ್ಕಳು ಮಾತ್ರ ಹೆಚ್ಚು ಏರಲಿಲ್ಲ, ಅವರಲ್ಲಿ ಇಬ್ಬರ ಹಾಜರಿಯೇ ಅರ್ಧ. ಓದು, ಬರವಣಿಗೆ ಸುಧಾರಿಸಿತೆಂದು ನಾನು ಹೇಳುವುದಿಲ್ಲ, ಅದನ್ನು ಅಳೆದಿಲ್ಲ. ಒಟ್ಟು ಖರ್ಚು ಮೂರು ಸಾವಿರದ ಆಸುಪಾಸು, ಅದರಲ್ಲಿ ಹೆಚ್ಚಿನ ಪಾಲು ಬಸ್ಸಿಗೆ ಮತ್ತು ಬೈಂಡಿಂಗಿಗೆ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಅಂಕಪಟ್ಟಿಯನ್ನು ಬದಿಗಿಟ್ಟು ಆ ಹುಡುಗಿಯ ಮುದ್ರಣ ಹಾಕಿರಿ ಎಂದರು. ‘ಅವ್ವ ರೊಟ್ಟಿ ಮಾಡಿದಳು, ನಾಯಿ ಒಳಗೆ ಬಂತು’ ಎಂದು ಶುರುವಾಗಿ ಅದು ಎಂಟು ಘಟನೆಗಳವರೆಗೆ ನಡೆಯಿತು. ನನ್ನ ಮಾರ್ಗದರ್ಶಕರು ಮುಂದಿನ ತಂಡದ ಇಬ್ಬರಿಗೆ ಈಗ ಅದೇ ತಾಂಡಾ ಕೊಟ್ಟಿದ್ದಾರೆ.