ದಾನಿಗಳ ಪರಿಶೀಲನಾ ಸಭೆಯ ನಡಾವಳಿ ಬರೆಯುವುದು ಹೇಗೆ?

ಅರಸೀಕೆರೆ ತಾಲ್ಲೂಕಿನಲ್ಲಿ ಮೂರು ಕೆರೆಗಳ ಹೂಳೆತ್ತುವ ಯೋಜನೆ ನಡೆಯುತ್ತಿದೆ ಎಂದುಕೊಳ್ಳಿ. ಸೆಪ್ಟೆಂಬರ್ ಕೊನೆಗೆ ದಾನಿ ಸಂಸ್ಥೆಯವರು ಹಾಸನಕ್ಕೆ ಬಂದು ಆರು ತಿಂಗಳ ಪ್ರಗತಿ ನೋಡುತ್ತಾರೆ. ಮುಂದಿನ ಕಂತು ಬಿಡುವ ಹೊತ್ತಿಗೆ ಅವರು ತೆರೆಯುವುದು ಆ ದಿನದ ನಡಾವಳಿಯನ್ನೇ.

ಮೊದಲು ಆಗಿರುವ ಕೆಲಸ ಬರೆಯಿರಿ. ‘ಕೆಲಸ ತೃಪ್ತಿಕರ’ ಎಂದರೆ ಏನೂ ಬರೆದಂತಾಗಲಿಲ್ಲ. ‘ಮೂರರಲ್ಲಿ ಎರಡು ಕೆರೆ ಮುಗಿದಿವೆ, ಆಧಾರ: ಕೆರೆ ಸಮಿತಿಯ ಲೋಡ್ ಪುಸ್ತಕ, ಅಗೆಯುವ ಮೊದಲಿನ ಮತ್ತು ನಂತರದ ಅಳತೆ’ ಎಂದು ಬರೆಯಿರಿ. ಇಲ್ಲೊಂದು ಎಚ್ಚರ ಬೇಕು. ಅಗೆದ ಹೂಳು ಸಡಿಲವಾಗಿ ಉಬ್ಬುತ್ತದೆ. ಹಾಗಾಗಿ ಟ್ರ್ಯಾಕ್ಟರ್ ಲೋಡುಗಳಿಂದ ಕಟ್ಟಿದ ಘನ ಮೀಟರ್ ಲೆಕ್ಕ ಕೆರೆಯಂಗಳದ ಗುಂಡಿಯ ಅಳತೆಗಿಂತ ಹೆಚ್ಚೇ ಬರುತ್ತದೆ. ಯಾವ ಅಳತೆ ಎಂದು ಹೇಳದಿದ್ದರೆ, ಮುಂದೆ ಲೆಕ್ಕಪರಿಶೋಧಕರಿಗೆ ಎರಡು ಅಂಕಿ ಸಿಕ್ಕಿ ಅನುಮಾನ ಹುಟ್ಟುತ್ತದೆ.

ಆಮೇಲೆ ಹಣದ ವಿಚಾರ. ನನ್ನ ಪ್ರಕಾರ ನಡಾವಳಿಯ ಜೀವ ಇರುವುದು ಇಲ್ಲೇ. ಜೆಸಿಬಿ ಬಾಡಿಗೆಗೆ ಈ ಅವಧಿಯ ಬಜೆಟ್ 6,00,000 ರೂಪಾಯಿ, ಖರ್ಚು 4,20,000. ಕಡಿಮೆಯಾದದ್ದು 1,80,000, ಅಂದರೆ ಶೇ 30. ಇಷ್ಟೇ ಬರೆದರೆ ಓದಿದವರು ಅದನ್ನು ಉಳಿತಾಯ ಎಂದುಕೊಳ್ಳುತ್ತಾರೆ. ಬಿಡಿಸಿ ನೋಡಿದರೆ 60,000 ರೂಪಾಯಿಯ ಕೆಲಸ ಮುಗಿದಿದೆ, ಬಿಲ್ ಪಾವತಿ ಬಾಕಿ. ಉಳಿದ 1,20,000 ಮೂರನೇ ಕೆರೆಯದು. ಆಗಸ್ಟ್ ಮಳೆಗೆ ಅಂಗಳದಲ್ಲಿ ನೀರು ನಿಂತು ಯಂತ್ರ ಇಳಿಯಲಾಗಲಿಲ್ಲ. ಎರಡೂ ಮುಂದೆ ಖರ್ಚಾಗಲೇಬೇಕಾದ ಹಣ. ಬಾಡಿಗೆ ದರ ನಿಜವಾಗಿ ಇಳಿದಿದ್ದರೆ ಮಾತ್ರ ಅದು ಉಳಿತಾಯ.

ತರಬೇತಿಯ ಕಥೆ ಬೇರೆ. ಬಜೆಟ್ 80,000, ಖರ್ಚು 1,00,000. ಒಂದರ ಬದಲು ಎರಡು ಊರಿನಲ್ಲಿ ನಡೆಸಿದ್ದರಿಂದ 20,000 ಹೆಚ್ಚಾಗಿದೆ. ‘ಜೆಸಿಬಿ ಬಾಬತ್ತಿನಲ್ಲಿ ಹಣ ಇದೆಯಲ್ಲ, ಅಲ್ಲಿಂದ ಹೊಂದಿಸೋಣ’ ಎಂದು ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಒಪ್ಪಿದರೆ ಮಾರ್ಚ್‌ನಲ್ಲಿ ಮೂರನೇ ಕೆರೆಗೆ ಅಷ್ಟೇ ಹಣ ಕೊರತೆಯಾಗುತ್ತದೆ. ಒಂದು ಬಾಬತ್ತಿನಿಂದ ಇನ್ನೊಂದಕ್ಕೆ ಎಷ್ಟು ಹೊಂದಿಸಬಹುದು ಎಂಬುದು ಅನುದಾನದ ಒಪ್ಪಂದದಲ್ಲಿರುತ್ತದೆ. ಆ ಷರತ್ತಿನ ಸಂಖ್ಯೆಯನ್ನೇ ನಡಾವಳಿಯಲ್ಲಿ ನಮೂದಿಸಿ.

ಕೊನೆಗೆ ಒಪ್ಪಿದ ತಿದ್ದುಪಡಿಗಳು. ಪ್ರತಿಯೊಂದಕ್ಕೂ ಯಾರು, ಯಾವಾಗ ಎಂಬುದಿರಲಿ: ‘ಬಾಕಿ ಬಿಲ್ಲನ್ನು ಲೆಕ್ಕಿಗರು ಅಕ್ಟೋಬರ್ 15ರೊಳಗೆ ಪಾವತಿಸಿ ರಸೀದಿ ಕಳಿಸುವುದು. ಮೂರನೇ ಕೆರೆಯ ನೀರು ಫೆಬ್ರವರಿ 15ಕ್ಕೂ ತಗ್ಗದಿದ್ದರೆ, ಯೋಜನಾ ಸಂಯೋಜಕರು ಆ ತಿಂಗಳೊಳಗೇ ಅವಧಿ ವಿಸ್ತರಣೆ ಕೋರುವುದು. ತರಬೇತಿಯ ಹೆಚ್ಚುವರಿ 20,000ವನ್ನು ಲೆಕ್ಕಿಗರು ಅಕ್ಟೋಬರ್ 15ರೊಳಗೆ ಯೋಜನೆ ನಡೆಸುವ ಸಂಸ್ಥೆಯ ಸ್ವಂತ ನಿಧಿಯಿಂದ ಭರಿಸುವುದು.’

ಕರಡನ್ನು ಮೂರು ದಿನದೊಳಗೆ ದಾನಿ ಸಂಸ್ಥೆಗೆ ಕಳಿಸಿ, ‘ಒಪ್ಪಿದೆ’ ಎಂಬ ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಂಡು ನಡಾವಳಿಯ ಹಿಂದೆಯೇ ಫೈಲ್ ಮಾಡಿ.