ಏರುದಾರಿಗೆ ಸೈಕಲ್ ಗೇರು ಆರಿಸಿದ ಲೆಕ್ಕ

ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಡಾಂಬರು ರಸ್ತೆಯಿಂದ ಕವಲೊಡೆಯುವ ದಾರಿ ಉದ್ದಕ್ಕೂ ಏರು. ಒಂದು ಮೀಟರ್ ಉದ್ದದ ರೀಪಿನ ಮೇಲೆ ರಸಮಟ್ಟವಿಟ್ಟು ಅಳೆದಾಗ ಅತಿ ಕಡಿದಾದ ಭಾಗ ಮೀಟರಿಗೆ 10 ಸೆಂಟಿಮೀಟರ್ ಏರುತ್ತಿತ್ತು. ನನ್ನ ಸೈಕಲ್ಲಿನ ಮುಂದಿನ ಹಲ್ಲುಚಕ್ರಗಳಿಗೆ 42, 34, 24 ಹಲ್ಲುಗಳಿದ್ದವು. ಹಿಂದಿನ ಫ್ರೀವೀಲಿನ ದೊಡ್ಡ ಚಕ್ರಕ್ಕೆ 28. ಇದು ಸಾಲದು ಎಂಬುದು ಮೊಣಕಾಲಿಗೆ ಗೊತ್ತಿತ್ತು. ಎಷ್ಟು ಸಾಲದು ಎಂಬುದನ್ನು ಲೆಕ್ಕದಿಂದ ತಿಳಿಯಬೇಕಿತ್ತು.

ನಾನು ಮತ್ತು ಸೈಕಲ್ ಸೇರಿ 80 ಕಿಲೋ, ಅಂದರೆ 784 ನ್ಯೂಟನ್ ತೂಕ. ಅದರ ಹತ್ತನೇ ಒಂದು ಭಾಗ, 78 ನ್ಯೂಟನ್, ಹಿಂದಕ್ಕೆ ಎಳೆಯುತ್ತದೆ. ಟೈರಿನ ಉರುಳು ಪ್ರತಿರೋಧಕ್ಕೆ 8 ಸೇರಿಸಿದರೆ 86. ಚಕ್ರದ ತ್ರಿಜ್ಯ 0.34 ಮೀಟರ್ ಆದ್ದರಿಂದ ಹಿಂದಿನ ಚಕ್ರಕ್ಕೆ ಸುಮಾರು 29 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಬೇಕು.

ಚೈನಿನ ಎಳೆತ ಎರಡು ಹಲ್ಲುಚಕ್ರಗಳಲ್ಲೂ ಒಂದೇ ಆಗಿರುವುದರಿಂದ ಟಾರ್ಕ್ ಅವುಗಳ ತ್ರಿಜ್ಯದ ಅನುಪಾತದಲ್ಲಿ ಬದಲಾಗುತ್ತದೆ. ಚೈನಿನ ಪಿನ್ನಿನಿಂದ ಪಿನ್ನಿಗೆ 12.7 ಮಿಲಿಮೀಟರ್ ಅಂತರವಿದ್ದು, ಒಂದು ಹಲ್ಲಿಗೆ ಸುಮಾರು 2 ಮಿಲಿಮೀಟರ್ ತ್ರಿಜ್ಯ ಬರುವುದರಿಂದ ಅಳತೆಪಟ್ಟಿ ಬೇಕಿಲ್ಲ, ಹಲ್ಲೆಣಿಸಿದರೆ ಸಾಕು. 24ಕ್ಕೆ 28 ಜೋಡಿಯಲ್ಲಿ ಪೆಡಲಿನ ಕಡೆ 25 ನ್ಯೂಟನ್ ಮೀಟರ್ ಬೇಕಾಗುತ್ತಿತ್ತು.

ಆದರೆ ನನ್ನ ಕಾಲು ಎಷ್ಟು ಕೊಡಬಲ್ಲದು? 64 ಕಿಲೋ ದೇಹವನ್ನು ಪೆಡಲಿನ ತೋಳಾದ 17 ಸೆಂಟಿಮೀಟರ್ ಕ್ರ್ಯಾಂಕಿನ ಮೇಲೆ ನಿಲ್ಲಿಸಿದರೆ 107 ನ್ಯೂಟನ್ ಮೀಟರ್ ಬರುತ್ತದೆ, ಆದರೆ ಈ ಸಂಖ್ಯೆಯನ್ನು ನಂಬುವಂತಿಲ್ಲ. ಅದು ಕ್ರ್ಯಾಂಕ್ ಅಡ್ಡವಾಗಿರುವ ಕ್ಷಣದ ಟಾರ್ಕ್. ಪೆಡಲುಗಳು ಮೇಲೆ ಕೆಳಗೆ ನೇರವಾದಾಗ ಟಾರ್ಕ್ ಬಹುತೇಕ ಸೊನ್ನೆಯಾಗಿ, ನಿಧಾನದ ಏರಿನಲ್ಲಿ ಸೈಕಲ್ ಅಲ್ಲೇ ತಡವರಿಸುತ್ತದೆ. ಬೇಕಾದದ್ದು ಇಡೀ ಸುತ್ತಿನ ಸರಾಸರಿ, ಅದೂ ಉಸಿರು ಕಟ್ಟದೆ ನಡೆಯುವಷ್ಟು. ಮೀಟರಿಗೆ 5 ಸೆಂಟಿಮೀಟರ್ ಏರುವ ಇನ್ನೊಂದು ದಾರಿಯಲ್ಲಿ 34ಕ್ಕೆ 28 ಜೋಡಿಯಲ್ಲಿ ಕೂತೇ, ನಿಮಿಷಕ್ಕೆ 60 ಸುತ್ತಿನಂತೆ ಆರಾಮವಾಗಿ ತುಳಿಯಬಲ್ಲೆ. ಅಲ್ಲಿ ಚಕ್ರಕ್ಕೆ 16 ನ್ಯೂಟನ್ ಮೀಟರ್ ಬೇಕು. 34ರಿಂದ ಗುಣಿಸಿ 28ರಿಂದ ಭಾಗಿಸಿದರೆ ಪೆಡಲಿಗೆ 19.4. ನನ್ನ ಮಟ್ಟಿಗೆ ಇದೇ ನಿಜವಾದ ಮಿತಿ.

29ನ್ನು 19.4ರಿಂದ ಭಾಗಿಸಿದರೆ 1.5, ಮುಂದೆ 24 ಇದ್ದರೆ ಹಿಂದೆ 36 ಬೇಕು. ನಾನು 34ಕ್ಕೆ ನಿಲ್ಲಿಸಿದೆ. ಪೆಡಲಿಗೆ ಬೇಕಾದದ್ದು 20.6, ಮಿತಿಗಿಂತ ಸ್ವಲ್ಪವೇ ಹೆಚ್ಚು, ಕಡಿದಾದ ಭಾಗವೂ ಚಿಕ್ಕದು. ಅದೇ ಲಯದಲ್ಲಿ ತುಳಿದರೆ ವೇಗ ಗಂಟೆಗೆ ಸುಮಾರು 5.4 ಕಿಲೋಮೀಟರ್, ಇದಕ್ಕಿಂತ ನಿಧಾನವಾದರೆ ಹ್ಯಾಂಡಲ್ ಓಲಾಡತೊಡಗುತ್ತದೆ.

ಫ್ರೀವೀಲ್ ಬದಲಿಸುವಾಗ ಚೈನನ್ನೂ ಉದ್ದ ಮಾಡಿಸಬೇಕು, ಇಲ್ಲದಿದ್ದರೆ ಎರಡೂ ಕಡೆ ದೊಡ್ಡ ಚಕ್ರಕ್ಕೆ ಬಿದ್ದಾಗ ಅದು ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಡಿರೈಲರನ್ನೇ ಕಿತ್ತೀತು. ಮಳೆಗಾಲದಲ್ಲಿ ಪಾಚಿ ಕಟ್ಟಿದ ದಾರಿಯಲ್ಲಂತೂ ಈ ಗೇರಿನಲ್ಲಿ ಎದ್ದು ನಿಂತು ತುಳಿಯಬಾರದು: ಹಿಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗುವ ಹೊತ್ತಿಗೇ ಟಾರ್ಕ್ ಏರಿ, ಟೈರು ನಿಂತಲ್ಲೇ ಸುತ್ತುತ್ತದೆ.