ಟ್ಯೂಬ್‌ಲೈಟ್ ಬೆಳಕಿನಲ್ಲಿ ವಿಡಿಯೊ: ಶಟರ್ 1/50ಕ್ಕೆ ಇಡಿ

ರಾತ್ರಿ ಟ್ಯೂಬ್‌ಲೈಟ್ ಕೆಳಗೆ ವಿಡಿಯೊ ಮಾಡುವಾಗ ಫೋನಿನ ಪ್ರೊ ವಿಡಿಯೊ ಮೋಡ್‌ನಲ್ಲಿ ಶಟರ್ ವೇಗವನ್ನು 1/50 ಸೆಕೆಂಡಿಗೆ ನಿಲ್ಲಿಸಿ. ಪರದೆಯ ಮೇಲೆ ಹರಿಯುವ ಕಪ್ಪು ಪಟ್ಟಿಗಳು ಹೋಗುತ್ತವೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಹಾಗಾಗಿ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. 1/50ರಲ್ಲಿ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು ಸಿಗುತ್ತವೆ, ಬೆಳಕು ಸಮನಾಗುತ್ತದೆ. 1/60ರಲ್ಲಿ ಆ ಲೆಕ್ಕ ತಪ್ಪುತ್ತದೆ. ಶಟರ್ ಹೆಚ್ಚು ಹೊತ್ತು ತೆರೆದಿರುವುದರಿಂದ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು, ತಗ್ಗಿಸಬಹುದು, ಚಿತ್ರದ ಮೇಲಿನ ಕಾಳುಕಾಳು ಚುಕ್ಕೆಗಳೂ ಕಡಿಮೆಯಾಗುತ್ತವೆ. ಇಷ್ಟಾದರೂ ಮುಖ ಕಾಣಲು ಐಎಸ್‌ಒ 800 ದಾಟಿಸಬೇಕಾಗಿ ಬಂದರೆ ಸೆಟ್ಟಿಂಗ್‌ಗಳೊಂದಿಗೆ ಗುದ್ದಾಡಬೇಡಿ. ಟೇಬಲ್ ಲ್ಯಾಂಪ್ ಒಂದನ್ನು ತಂದು, ಮುಖದ ಪಕ್ಕದ ಬಿಳಿ ಗೋಡೆಗೆ ತಿರುಗಿಸಿಡಿ. ಡಿಮ್ಮರ್‌ನಿಂದ ತಗ್ಗಿಸಿದ ಎಲ್‌ಇಡಿಗಳು ಬೇರೆ ವೇಗದಲ್ಲಿ ಮಿನುಗುವುದುಂಟು; ಅಲ್ಲಿ ಈ ಉಪಾಯ ಸೋಲಬಹುದು, ದೀಪವನ್ನು ಪೂರ್ತಿ ಹೆಚ್ಚಿಸಿ ನೋಡಿ.